ದೂರ ಸಂದರ್ಶನದ ಧ್ವನಿಮುದ್ರಣ: ಎರಡು ಕಡತಗಳನ್ನು ತಾಳೆ ಹಾಕುವ ಕ್ರಮ

ಜನಪದ ಕಥನದಲ್ಲಿ ಕಥೆ ಹೇಳುವವರಷ್ಟೇ ಹೂಂಗುಟ್ಟುವವರೂ ಮುಖ್ಯರು. ಯಾವ ಮಾತಿಗೆ 'ಹೂಂ' ಬಿತ್ತು, ಎಲ್ಲಿ ವಕ್ತೃ ತಡೆದು ನಿಂತರು ಎಂಬುದು ಪಠ್ಯದಷ್ಟೇ ಅರ್ಥಪೂರ್ಣವಾದುದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಊರುಗಳಲ್ಲಿ ಕನ್ನಡ ಮತ್ತು ತೆಲುಗು ಒಂದೇ ಮಾತಿನೊಳಗೆ ಬೆರೆಯುತ್ತವೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ತತ್ವಪದಗಳೂ ಈ ಎರಡು ನುಡಿಗಳಲ್ಲಿ ಇವೆ. ಒಂದು ಪದದ ಕೊನೆಯ ಸ್ವರ ಅಳಿಸಿಹೋದರೆ ಅದು ಯಾವ ನುಡಿಯದೆಂದು ನಿರ್ಣಯಿಸುವುದೇ ಕಷ್ಟವಾಗುತ್ತದೆ.

2020ರ ಲಾಕ್‌ಡೌನ್ ಕಾಲದಲ್ಲಿ ಅಂತರ್ಜಾಲದ ಕರೆಯ ಮೂಲಕ ಸಂದರ್ಶಿಸುವ ರೂಢಿ ಎಲ್ಲೆಡೆ ಹಬ್ಬಿತು. ಆದರೆ ಕರೆಯನ್ನೇ ಮುದ್ರಿಸಿಕೊಂಡರೆ ನಷ್ಟ ಹೆಚ್ಚು. ಸಂಪರ್ಕ ಕುಗ್ಗಿದಾಗ ಅಕ್ಷರಗಳು ನುಂಗಿಹೋಗುತ್ತವೆ. ಇಬ್ಬರೂ ಒಮ್ಮೆಗೇ ಮಾತನಾಡಿದರೆ ಒಬ್ಬರ ದನಿ ಅಡಗುವುದುಂಟು. ಗದ್ದಲ ತಗ್ಗಿಸುವ ವ್ಯವಸ್ಥೆಯು ತಂಬೂರಿಯ ಎಡೆಬಿಡದ ಶ್ರುತಿಯನ್ನು ಫ್ಯಾನಿನ ಸದ್ದೆಂದು ಬಗೆದು ಒರೆಸಿಹಾಕಬಹುದು. ಆದ್ದರಿಂದ ಕರೆಯನ್ನು ಕೇವಲ ಮಾತುಕತೆಗೆ ಬಳಸಿ, ಇಬ್ಬರೂ ತಾವಿದ್ದಲ್ಲಿಯೇ ತಮ್ಮ ದನಿಯನ್ನು ಮುದ್ರಿಸಿಕೊಂಡು, ಅನಂತರ ಎರಡು ಕಡತಗಳನ್ನು ಜೋಡಿಸುವ ಕ್ರಮವು ಸೂಕ್ತವೆನಿಸುತ್ತದೆ.

ಈ ಕ್ರಮಕ್ಕೆ ವಕ್ತೃವಿನ ಬಳಿ ಎರಡು ಮೊಬೈಲುಗಳು ಬೇಕು. ಕರೆಯಲ್ಲಿರುವ ಮೊಬೈಲಿನಲ್ಲಿಯೇ ಮುದ್ರಿಸಲು ಹೋದರೆ ಮೈಕು ಕರೆಯ ಪಾಲಾಗಿ, ಕಡತ ಪೂರ್ಣ ಅವಧಿಯದಾಗಿದ್ದರೂ ಒಳಗೆ ನಿಶ್ಶಬ್ದವೇ ಉಳಿಯುವ ಸಂಭವವಿದೆ. ಎರಡು ನಿಮಿಷ ಮುದ್ರಿಸಿ ಕೇಳಿ ನೋಡಿದರೆ ಇದು ತಿಳಿಯುತ್ತದೆ. ಮುದ್ರಿಸುವ ಮೊಬೈಲನ್ನು ಫ್ಲೈಟ್ ಮೋಡಿನಲ್ಲಿಟ್ಟು, ಬಾಯಿಂದ ಒಂದು ಗೇಣು ದೂರದಲ್ಲಿ ಇರಿಸಬೇಕು. ನಡುವೆ ಬೇರೆ ಕರೆ ಬಂದರೆ ಮುದ್ರಣ ನಿಲ್ಲಬಹುದೆಂಬುದೇ ಫ್ಲೈಟ್ ಮೋಡಿಗೆ ಕಾರಣ. ಕರೆಯ ದನಿ ಮುದ್ರಣದೊಳಗೆ ಸೇರದಂತೆ ಇಬ್ಬರೂ ಇಯರ್‌ಫೋನ್ ಧರಿಸಬೇಕು.

ಎರಡು ಮುದ್ರಣಗಳು ಬೇರೆ ಬೇರೆ ಕ್ಷಣದಲ್ಲಿ ಆರಂಭವಾಗುವುದರಿಂದ ತಾಳೆಗೆ ಗುರುತು ಬೇಕು. ಆರಂಭದಲ್ಲಿ ಇಯರ್‌ಫೋನ್ ತೆಗೆದು, ಕರೆಯ ದನಿಯನ್ನು ಸ್ಪೀಕರಿಗೆ ಹಾಕಿ, ಮೊದಲು ವಕ್ತೃವೂ ಬಳಿಕ ಸಂಗ್ರಾಹಕರೂ ಒಂದೊಂದು ಚಪ್ಪಾಳೆ ತಟ್ಟಬೇಕು. ಆಗ ಎರಡೂ ಚಪ್ಪಾಳೆಗಳು ಎರಡೂ ಕಡತಗಳಲ್ಲಿ ದಾಖಲಾಗುತ್ತವೆ. ಕೊನೆಯಲ್ಲಿಯೂ ಹೀಗೆಯೇ ಮಾಡಬೇಕು. ಒಂದೇ ಚಪ್ಪಾಳೆ ಸಾಲದು. ಏಕೆಂದರೆ ದೂರದ ಚಪ್ಪಾಳೆಯು ಕರೆಯಲ್ಲಿ ಪಯಣಿಸಿ ತಡವಾಗಿ ಕೇಳಿಸುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಚಿಂತಾಮಣಿ ತಾಲ್ಲೂಕಿನ ತತ್ವಪದ ಗಾಯಕರೊಬ್ಬರು ವಕ್ತೃ, ಸಂಗ್ರಾಹಕರು ಗೌರಿಬಿದನೂರಿನಲ್ಲಿದ್ದಾರೆ. ಗಾಯಕರ ಚಪ್ಪಾಳೆ ಅವರ ಕಡತದ 107.900ನೆಯ ಸೆಕೆಂಡಿನಲ್ಲಿಯೂ ಸಂಗ್ರಾಹಕರ ಕಡತದ 12.650ನೆಯ ಸೆಕೆಂಡಿನಲ್ಲಿಯೂ ಇದೆ, ವ್ಯತ್ಯಾಸ 95.250. ಸಂಗ್ರಾಹಕರ ಚಪ್ಪಾಳೆ ಅವರ ಕಡತದ 20.000ದಲ್ಲಿ, ಗಾಯಕರ ಕಡತದ 115.750ದಲ್ಲಿ ಇದೆ; ವ್ಯತ್ಯಾಸ 95.750. ಇವೆರಡರ ಸರಾಸರಿ 95.500. ಅಂದರೆ ಗಾಯಕರ ಮುದ್ರಣ ಅಷ್ಟು ಸೆಕೆಂಡು ಮೊದಲೇ ಆರಂಭವಾಗಿದೆ. ಸರಾಸರಿಯಿಂದ ಎರಡೂ ಕಡೆಗೆ ಉಳಿದ 0.250 ಸೆಕೆಂಡು ಕರೆಯ ವಿಳಂಬ. ವಿಳಂಬವು ಎರಡೂ ದಿಕ್ಕಿನಲ್ಲಿ ಸಮವಾಗಿದೆ ಎಂಬ ಗ್ರಹಿಕೆಯ ಮೇಲೆ ಈ ಲೆಕ್ಕ ನಿಂತಿದೆ.

58 ನಿಮಿಷಗಳ ಬಳಿಕ, ಕೊನೆಯ ಚಪ್ಪಾಳೆಗಳಲ್ಲಿ ಸರಾಸರಿ ವ್ಯತ್ಯಾಸ 95.639 ಆಗಿದೆ. ಮೊಬೈಲುಗಳ ಒಳಗಿನ ಗಡಿಯಾರಗಳು ಒಂದೇ ವೇಗದಲ್ಲಿ ಓಡದಿರುವುದೇ ಈ 0.139 ಸೆಕೆಂಡಿನ ಜಾರಿಕೆಗೆ ಕಾರಣ. 3,480 ಸೆಕೆಂಡುಗಳಲ್ಲಿ ಇದು ಶೇಕಡಾ 0.004. ಸರಿಪಡಿಸದಿದ್ದರೆ ಕೊನೆಯ ಪದಗಳಲ್ಲಿ 'ಹೂಂ' ಬೇರೆ ಅಕ್ಷರದ ಮೇಲೆ ಬೀಳುತ್ತದೆ. ಅಡಾಸಿಟಿ ತಂತ್ರಾಂಶದ Change Speed and Pitch ಎಂಬಲ್ಲಿ ಗಾಯಕರ ಕಡತದ ವೇಗವನ್ನು ಶೇಕಡಾ 0.004ರಷ್ಟು ಹೆಚ್ಚಿಸಿ, ಆಮೇಲೆ ಆರಂಭದ ಗುರುತಿಗೆ ಸರಿಸಿದರೆ ಎರಡೂ ತುದಿಗಳು ಕೂಡುತ್ತವೆ. ಜಾರಿಕೆ ಕ್ರಮೇಣವಾಗಿರದೆ ಒಂದೆಡೆ ಥಟ್ಟನೆ ಕಂಡುಬಂದರೆ ಅಲ್ಲಿ ಮುದ್ರಣ ಕಡಿದಿದೆ ಎಂದರ್ಥ. ಅದನ್ನು ವೇಗ ಬದಲಿಸಿ ಸರಿಪಡಿಸಲಾಗದು.

ತಾಳೆಯಾದ ಬಳಿಕವೂ ಉಳಿಯುವ ಮಿತಿಯೊಂದಿದೆ. ಮೇಲಿನ ಉದಾಹರಣೆಯಲ್ಲಿ ಪ್ರಶ್ನೆ ತಲುಪಲು 0.250 ಸೆಕೆಂಡು ಹಿಡಿಯುತ್ತದೆ. ಉತ್ತರ ಮರಳಲೂ ಅಷ್ಟೇ. ಸಂಗ್ರಾಹಕರಿಗೆ ಕೇಳಿಸಿದ ಅರ್ಧ ಸೆಕೆಂಡಿನ ಮೌನವು ಗಾಯಕರ ಹಿಂಜರಿಕೆಯಲ್ಲ, ಸಂಪರ್ಕದ ವಿಳಂಬ. ಇದೇ ಕಾರಣದಿಂದ ಇಬ್ಬರೂ ಕೂಡಿ ಹಾಡಿದ್ದನ್ನು ಈ ಕ್ರಮದಲ್ಲಿ ದಾಖಲಿಸಲಾಗದು. ಆದ್ದರಿಂದ ಮೂಲ ಕಡತಗಳೆರಡನ್ನೂ ತಿದ್ದದೆ ಉಳಿಸಿ, ವಿಳಂಬದ ಹಾಗೂ ತಿದ್ದುಪಡಿಯ ಪ್ರಮಾಣವನ್ನು ದಾಖಲೆಪತ್ರದಲ್ಲಿ ನಮೂದಿಸುವುದು ಅವಶ್ಯ. ಹಾಗೆ ನಮೂದಿಸಿದಾಗ ಮಾತ್ರ ಮುಂದಿನ ಅಧ್ಯಯನಕಾರರು ವಕ್ತೃವಿನ ಮೌನವನ್ನೂ ಯಂತ್ರದ ಮೌನವನ್ನೂ ಬೇರ್ಪಡಿಸಬಲ್ಲರು.