ಮೇಲ್ ಬಂದಿದೆ, ಫೋನಿಗೆ ಗೊತ್ತಿಲ್ಲ

ಫೋನಿನಲ್ಲಿ ಮೇಲ್ ತಡವಾಗಿ ಬಂತು ಎಂದಾಗ ತಡವಾದದ್ದು ಬಹುತೇಕ ಸಲ ಮೇಲ್ ಅಲ್ಲ, ಅದು ಬಂದ ಸುದ್ದಿ. ಕಳಿಸಿದವರ ಸರ್ವರಿನಿಂದ ಹೊರಟ ಮೇಲ್ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಪಡೆಯುವವರ ಸರ್ವರಿಗೆ ಬಂದು ಕೂತಿರುತ್ತದೆ. ಅಲ್ಲಿಂದ ಜೇಬಿನ ಫೋನಿಗೆ ವಿಷಯ ತಿಳಿಯುವ ಕೊನೆಯ ಹೆಜ್ಜೆಯಲ್ಲೇ ಹದಿನೈದು ನಿಮಿಷ, ಒಂದು ಗಂಟೆ, ಒಮ್ಮೊಮ್ಮೆ ಇಡೀ ರಾತ್ರಿ ಕಳೆದುಹೋಗುತ್ತದೆ.

ಈ ಹೆಜ್ಜೆಯನ್ನು ಎರಡು ರೀತಿಯಲ್ಲಿ ದಾಟಬಹುದು. ಒಂದರಲ್ಲಿ ಫೋನೇ ಆಗಾಗ ಸರ್ವರಿಗೆ ಹೋಗಿ ‘ಹೊಸದೇನಾದರೂ ಇದೆಯೇ’ ಎಂದು ಕೇಳಿಕೊಂಡು ಬರುತ್ತದೆ. ಇದು ಫೆಚ್. ಹಿಂದೆ ಊರಿನವರು ಪೋಸ್ಟಾಫೀಸಿಗೆ ಹೋಗಿ ತಮಗೆ ಕಾಗದ ಬಂದಿದೆಯೇ ಎಂದು ವಿಚಾರಿಸುತ್ತಿದ್ದ ಹಾಗೆ. ಇನ್ನೊಂದರಲ್ಲಿ ಮೇಲ್ ಬಂದ ಕ್ಷಣವೇ ಸರ್ವರ್ ಫೋನಿಗೆ ಹೇಳಿಕಳಿಸುತ್ತದೆ. ಇದು ಪುಶ್. ಅರ್ಧ ಗಂಟೆಗೊಮ್ಮೆ ಫೆಚ್ ಮಾಡುವ ಫೋನಿನಲ್ಲಿ ಒಂದು ಮೇಲ್ ಸರಾಸರಿ ಹದಿನೈದು ನಿಮಿಷ ಕಾಯುತ್ತದೆ. ದುರದೃಷ್ಟವಿದ್ದರೆ ಪೂರ್ತಿ ಅರ್ಧ ಗಂಟೆ. ಪುಶ್ ಆದರೆ ಒಂದೆರಡು ಸೆಕೆಂಡು.

ಹಾಗಿದ್ದರೆ ಎಲ್ಲವನ್ನೂ ಪುಶ್ ಮಾಡಬಾರದೇಕೆ, ಅಥವಾ ನಿಮಿಷಕ್ಕೊಮ್ಮೆ ಫೆಚ್ ಮಾಡಬಾರದೇಕೆ? ಉತ್ತರ ಬ್ಯಾಟರಿಯಲ್ಲಿದೆ. ಮೇಲ್ ಇದೆಯೇ ಎಂದು ಕೇಳಲು ಬೇಕಾದ ಡೇಟಾ ಅತ್ಯಲ್ಪ, ಆದರೆ ಅದನ್ನು ಕಳಿಸಲು ಫೋನಿನ ರೇಡಿಯೋ ನಿದ್ದೆಯಿಂದ ಎದ್ದು ಟವರಿನೊಂದಿಗೆ ಸಂಪರ್ಕ ಬೆಳೆಸಬೇಕು. ಕೆಲಸ ಮುಗಿದ ತಕ್ಷಣ ಅದು ಮಲಗುವುದೂ ಇಲ್ಲ. ಇನ್ನೂ ಏನಾದರೂ ಬರಬಹುದೆಂದು ಕೆಲವು ಸೆಕೆಂಡು, ಕೆಲವೊಮ್ಮೆ ಹತ್ತು ಸೆಕೆಂಡಿಗೂ ಹೆಚ್ಚು ಕಾಲ, ಎಚ್ಚರವಾಗಿಯೇ ಇದ್ದು ಕರೆಂಟು ತಿನ್ನುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಫೆಚ್ ಮಾಡುವ ಒಂದು ಅಕೌಂಟು ದಿನಕ್ಕೆ 96 ಸಲ ರೇಡಿಯೋವನ್ನು ಎಬ್ಬಿಸುತ್ತದೆ, ಅದೂ ಬಹುಪಾಲು ಬರಿಗೈಯಲ್ಲಿ ಮರಳಲು.

ಪುಶ್‌ಗೂ ಒಂದು ಖರ್ಚಿದೆ. ಸರ್ವರ್ ತಾನಾಗಿ ಫೋನನ್ನು ಹುಡುಕಿಕೊಂಡು ಬರಲಾರದು, ಏಕೆಂದರೆ ಮೊಬೈಲ್ ನೆಟ್‌ವರ್ಕಿನಲ್ಲಿ ಫೋನಿಗೆ ಸಾಮಾನ್ಯವಾಗಿ ಹೊರಗಿನಿಂದ ನೇರವಾಗಿ ತಲುಪುವಂಥ ಸ್ಥಿರ ವಿಳಾಸ ಇರುವುದಿಲ್ಲ. ಆದ್ದರಿಂದ ಫೋನೇ ಮುಂಚಿತವಾಗಿ ಒಂದು ಸಂಪರ್ಕ ತೆರೆದು, ಅದನ್ನು ಮುಚ್ಚದೆ ಹಿಡಿದುಕೊಂಡಿರಬೇಕು. ಐಮ್ಯಾಪ್ ಎಂಬ ಮೇಲ್ ವ್ಯವಸ್ಥೆಗೆ 1997ರಲ್ಲಿ ಸೇರಿದ IDLE ಎಂಬ ಆದೇಶ ಮಾಡುವುದು ಇದನ್ನೇ: ‘ನಾನು ಕಾಯುತ್ತಿದ್ದೇನೆ, ಏನಾದರೂ ಬಂದರೆ ಹೇಳು’ ಎಂದು ಸಾಲು ತೆರೆದಿಟ್ಟು ಸುಮ್ಮನಿರುವುದು. ಅರ್ಧ ಗಂಟೆ ಮಾತಿಲ್ಲದ ಸಾಲನ್ನು ಸರ್ವರ್ ಕತ್ತರಿಸಬಹುದಾದ್ದರಿಂದ 29 ನಿಮಿಷದೊಳಗೆ ಆ ಆದೇಶವನ್ನು ಹೊಸದಾಗಿ ಕೊಡಬೇಕೆಂದು ಅದೇ ನಿಯಮ ಸಲಹೆ ಮಾಡುತ್ತದೆ. ಮೊಬೈಲ್ ಕಂಪನಿಗಳ ಜಾಲ ಸುಮ್ಮನಿರುವ ಸಂಪರ್ಕವನ್ನು ಅದಕ್ಕೂ ಮೊದಲೇ ಸದ್ದಿಲ್ಲದೆ ಮರೆತುಬಿಡುವುದುಂಟು. ಆಗ ಫೋನು ಸಂಪರ್ಕ ಇದೆಯೆಂದೇ ನಂಬಿ ಕಾಯುತ್ತಿರುತ್ತದೆ, ಸರ್ವರ್ ಹೇಳಿದ್ದು ದಾರಿಯಲ್ಲೇ ಬಿದ್ದುಹೋಗುತ್ತದೆ.

ಹತ್ತು ಆ್ಯಪ್‌ಗಳು ಹತ್ತು ಸಾಲು ಹಿಡಿದು ಕೂತರೆ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅದಕ್ಕಾಗಿ ಫೋನ್ ವ್ಯವಸ್ಥೆಗಳು ಇಡೀ ಫೋನಿಗೆ ಒಂದೇ ಸಾಲು ಎಂಬ ಏರ್ಪಾಟು ಮಾಡಿಕೊಂಡವು. ಆ್ಯಪಲ್ 2009ರಲ್ಲಿ, ಗೂಗಲ್ 2010ರಲ್ಲಿ ಇಂಥ ಸೇವೆ ಆರಂಭಿಸಿದವು. ಮೇಲ್ ಸರ್ವರ್ ಈಗ ಫೋನಿಗೆ ನೇರವಾಗಿ ಹೇಳುವುದಿಲ್ಲ. ಆ್ಯಪಲ್ ಅಥವಾ ಗೂಗಲ್‌ನ ಸರ್ವರಿಗೆ ಹೇಳುತ್ತದೆ, ಅದು ತನ್ನ ಒಂದೇ ಸಾಲಿನ ಮೂಲಕ ಫೋನಿಗೆ ದಾಟಿಸುತ್ತದೆ. ತನ್ನ ಮೇಲ್ ಕಂಪನಿ ಈ ಏರ್ಪಾಟಿನ ಒಳಗಿದೆಯೇ ಹೊರಗಿದೆಯೇ ಎಂಬುದರ ಮೇಲೆಯೇ ಒಬ್ಬರ ನೋಟಿಫಿಕೇಶನ್ ಭಾಗ್ಯ ನಿರ್ಧಾರವಾಗುತ್ತದೆ.

ಇದನ್ನು ತಿಳಿಯಲು ಐಫೋನಿನಲ್ಲಿ ಜಿಮೇಲ್ ಬಳಸುವವರ ಸಂಗತಿ ಒಳ್ಳೆಯ ಉದಾಹರಣೆ. ಐಫೋನಿನ ಜೊತೆಗೇ ಬರುವ Mail ಆ್ಯಪಿಗೆ ಜಿಮೇಲ್ ಅಕೌಂಟು ಸೇರಿಸಿದರೆ ಮೇಲ್‌ಗಳೆಲ್ಲ ಕಾಣುತ್ತವೆ, ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಆದರೆ ಅಲ್ಲಿ ಜಿಮೇಲ್‌ಗೆ ಪುಶ್ ಇಲ್ಲ. ಮೊದಲು ಇತ್ತು, ಅದಕ್ಕೆ ಬಳಸುತ್ತಿದ್ದ ಹಳೆಯ ವ್ಯವಸ್ಥೆಯನ್ನು ಗೂಗಲ್ 2013ರ ಜನವರಿಯಿಂದ ಹೊಸ ಉಚಿತ ಬಳಕೆದಾರರಿಗೆ ನಿಲ್ಲಿಸಿತು. ಅದೇ ಫೋನಿನಲ್ಲಿ ಗೂಗಲ್‌ನದೇ ಜಿಮೇಲ್ ಆ್ಯಪ್ ಹಾಕಿಕೊಂಡರೆ ಸುದ್ದಿ ತಕ್ಷಣ ಬರುತ್ತದೆ. ಒಂದೇ ಅಕೌಂಟು, ಒಂದೇ ಫೋನು, ಎರಡು ಆ್ಯಪ್. ಒಂದರಲ್ಲಿ ಈಗ, ಇನ್ನೊಂದರಲ್ಲಿ ಆಮೇಲೆ.

ಬೆಳಿಗ್ಗೆ 10 ಗಂಟೆ 42 ನಿಮಿಷಕ್ಕೆ ಒಂದು ಓಟಿಪಿ ಮೇಲ್ ಬಂತೆಂದುಕೊಳ್ಳೋಣ, ಅದರ ಆಯಸ್ಸು ಹತ್ತು ನಿಮಿಷ. Mail ಆ್ಯಪಿನ Fetch New Data ಪುಟದಲ್ಲಿ Every 30 Minutes ಎಂದಿದೆ. ಫೋನು 10:30ಕ್ಕೆ ಒಮ್ಮೆ ಕೇಳಿ ಬಂದಿದೆ, ಮತ್ತೆ ಕೇಳುವುದು ಸುಮಾರು 11:00ಕ್ಕೆ. ಓಟಿಪಿ 10:52ಕ್ಕೇ ಸತ್ತಿರುತ್ತದೆ. ಅದೇ ಪುಟದಲ್ಲಿ Automatically ಎಂದಿದ್ದರೆ ಪರಿಸ್ಥಿತಿ ಇನ್ನೂ ಬಿಗಿ. ಆ ಹೆಸರು ದಾರಿ ತಪ್ಪಿಸುವಂಥದ್ದು. ಅದರ ಅರ್ಥ ಫೋನು ಚಾರ್ಜಿಗೆ ಹಾಕಿದ್ದು ವೈಫೈ ಇದ್ದಾಗ ಮಾತ್ರ ಹಿನ್ನೆಲೆಯಲ್ಲಿ ಮೇಲ್ ತರುತ್ತದೆ ಎಂದು. ಜೇಬಿನಲ್ಲಿಟ್ಟುಕೊಂಡು ದಿನವಿಡೀ ಓಡಾಡುವವರಿಗೆ ರಾತ್ರಿ ಚಾರ್ಜಿಗೆ ಹಾಕಿದ ಮೇಲೆಯೇ ಮೇಲ್‌ಗಳ ಸಾಲು ಬಂದು ಬೀಳುವುದು ಇದರಿಂದಲೇ. Manually ಎಂದಿದ್ದರಂತೂ ಆ್ಯಪ್ ತೆರೆಯುವವರೆಗೆ ಏನೂ ಬರದು.

ಇಲ್ಲೇ ಒಂದು ಸುಳಿವು ಸಿಗುತ್ತದೆ. ‘ಆ್ಯಪ್ ತೆಗೆದು ನೋಡಿದರೆ ಬಂದಿರುತ್ತೆ, ಸುಮ್ಮನಿದ್ದರೆ ಬರೋದೇ ಇಲ್ಲ’ ಎಂಬ ದೂರು ಇದ್ದರೆ ದೋಷ ನೆಟ್‌ವರ್ಕಿನದಲ್ಲ. ಆ್ಯಪ್ ತೆರೆದಾಗ ಅದು ಆ ಕ್ಷಣ ಫೆಚ್ ಮಾಡುತ್ತದೆ, ಅಷ್ಟೇ. ಹಾಗೆಯೇ ಬೇರೆಬೇರೆ ಹೊತ್ತಿನಲ್ಲಿ ಕಳಿಸಿದ ನಾಲ್ಕೈದು ಮೇಲ್‌ಗಳು ಒಂದೇ ನಿಮಿಷದಲ್ಲಿ ಗುಂಪಾಗಿ ಟಿಂಗ್ ಎಂದರೆ, ಫೋನು ಮಲಗಿದ್ದು ಈಗ ಎದ್ದಿದೆ ಎಂದು ತಿಳಿಯಬೇಕು.

ಮಲಗುವ ವಿಚಾರಕ್ಕೆ ಬಂದರೆ ಆಂಡ್ರಾಯ್ಡ್ ಹೆಚ್ಚು ಕುತೂಹಲಕರ. 2015ರ ಆಂಡ್ರಾಯ್ಡ್ 6ರಿಂದ ಅದರಲ್ಲಿ ಡೋಜ್ ಎಂಬ ಏರ್ಪಾಟು ಇದೆ. ಚಾರ್ಜರ್ ಇಲ್ಲದೆ, ಪರದೆ ಆರಿ, ಮೇಜಿನ ಮೇಲೆ ಅಲುಗಾಡದೆ ಫೋನು ಬಿದ್ದಿದ್ದರೆ ಸ್ವಲ್ಪ ಹೊತ್ತಿಗೆ ವ್ಯವಸ್ಥೆ ಎಲ್ಲ ಆ್ಯಪ್‌ಗಳ ಇಂಟರ್ನೆಟ್ ತಡೆಹಿಡಿಯುತ್ತದೆ. ನಡುನಡುವೆ ಒಂದು ಕಿರುಬಾಗಿಲು ತೆರೆದು, ಬಾಕಿ ಕೆಲಸ ಮುಗಿಸಿಕೊಳ್ಳಲು ಬಿಡುತ್ತದೆ. ಫೋನು ಹೆಚ್ಚು ಹೊತ್ತು ಹಾಗೇ ಬಿದ್ದಿದ್ದರೆ ಆ ಬಾಗಿಲು ತೆರೆಯುವ ಅಂತರವೂ ಹಿಗ್ಗುತ್ತಾ ಹೋಗುತ್ತದೆ. ಮರುವರ್ಷದ ಆಂಡ್ರಾಯ್ಡ್ 7ರಲ್ಲಿ ಜೇಬಿನಲ್ಲಿ ಅಲುಗಾಡುತ್ತಿರುವಾಗಲೂ ಅನ್ವಯವಾಗುವ ಹಗುರ ಡೋಜ್ ಸೇರಿತು.

ಡೋಜ್ ಅನ್ನು ಭೇದಿಸುವ ಒಂದು ದಾರಿ ಗೂಗಲ್‌ನ ಆ ಒಂದೇ ಸಾಲು. ಅದರಲ್ಲಿ ‘ಹೆಚ್ಚು ಆದ್ಯತೆ’ ಎಂದು ಗುರುತು ಹಾಕಿ ಕಳಿಸಿದ ಸಂದೇಶ ಮಲಗಿದ ಫೋನನ್ನೂ ಎಬ್ಬಿಸುತ್ತದೆ. ‘ಸಾಮಾನ್ಯ’ ಎಂದಿದ್ದರೆ ಮುಂದಿನ ಕಿರುಬಾಗಿಲಿಗೆ ಕಾಯುತ್ತದೆ. ಆ ಸಾಲನ್ನು ಬಳಸದೆ ತಾನೇ IDLE ಹಿಡಿದು ಕೂರುವ ಆ್ಯಪ್‌ಗಳಿಗೆ, ಉದಾಹರಣೆಗೆ ಥಂಡರ್‌ಬರ್ಡ್‌ಗೆ, ಈ ಸೌಲಭ್ಯ ಇಲ್ಲ. ಅಂಥವು ‘ನನ್ನನ್ನು ಬ್ಯಾಟರಿ ಉಳಿತಾಯದಿಂದ ಹೊರಗಿಡಿ’ ಎಂದು ಅನುಮತಿ ಕೇಳುವುದು ಅದಕ್ಕೇ. ಆ ಕೋರಿಕೆಯನ್ನು ಓದದೆ ‘ಬೇಡ’ ಎಂದು ಒತ್ತಿದವರು ಆಮೇಲೆ ಆ್ಯಪನ್ನೇ ಬೈಯುವುದುಂಟು.

ಇದರ ಮೇಲೆ ಫೋನ್ ತಯಾರಕರ ಅತ್ಯುತ್ಸಾಹ ಬೇರೆ. ಬ್ಯಾಟರಿ ಎರಡು ದಿನ ಬರುತ್ತದೆ ಎಂದು ತೋರಿಸಲು ಹಲವರು ಡೋಜ್‌ಗಿಂತ ಕಟ್ಟುನಿಟ್ಟಾದ ತಮ್ಮದೇ ನಿಯಮ ಸೇರಿಸುತ್ತಾರೆ. ಸ್ಯಾಮ್‌ಸಂಗ್ ಫೋನಿನಲ್ಲಿ ಬಹಳ ದಿನ ತೆರೆಯದ ಆ್ಯಪ್‌ಗಳು Sleeping apps ಪಟ್ಟಿಗೆ ತಾವಾಗಿಯೇ ಜಾರುತ್ತವೆ. Deep sleeping apps ಪಟ್ಟಿಗೆ ಬಿದ್ದವು ಬಳಕೆದಾರರು ತೆರೆದಾಗ ಮಾತ್ರ ಕೆಲಸ ಮಾಡುತ್ತವೆ. ಶವೋಮಿ ಫೋನುಗಳಲ್ಲಿ Autostart ಎಂಬ ಸ್ವಿಚ್ ಆಫ್ ಇದ್ದರೆ ಹಿನ್ನೆಲೆಯಲ್ಲಿ ಆ್ಯಪ್ ತಾನಾಗಿ ಏಳಲಾರದು. ಇನ್ನು ಕೆಲವು ಫೋನುಗಳಲ್ಲಿ ಇತ್ತೀಚಿನ ಆ್ಯಪ್‌ಗಳ ಪರದೆಯಿಂದ ಮೇಲ್ ಆ್ಯಪನ್ನು ಮೇಲಕ್ಕೆ ತಳ್ಳಿದರೆ ಅದು Force stop ಮಾಡಿದ್ದಕ್ಕೆ ಸಮ. ಹಾಗೆ ನಿಲ್ಲಿಸಿದ ಆ್ಯಪಿಗೆ ಕೈಯಾರೆ ಮತ್ತೆ ತೆರೆಯುವವರೆಗೆ ಪುಶ್ ಕೂಡ ತಲುಪದು. ‘ಕ್ಲೀನ್ ಮಾಡಿದರೆ ಫೋನ್ ಫಾಸ್ಟ್ ಆಗುತ್ತೆ’ ಎಂದು ಗಂಟೆಗೊಮ್ಮೆ ಎಲ್ಲ ಆ್ಯಪ್‌ಗಳನ್ನೂ ತಳ್ಳಿಹಾಕುವ ಅಭ್ಯಾಸದ ಬೆಲೆ ಇದು.

ಐಫೋನಿನ Low Power Mode ಮಾಡುವ ಮರೆವು ಇಷ್ಟು ಗೋಜಲಲ್ಲ. ಬ್ಯಾಟರಿ 20 ಪ್ರತಿಶತಕ್ಕೆ ಇಳಿದಾಗ ಫೋನೇ ಅದನ್ನು ಹಾಕಲೇ ಎಂದು ಕೇಳುತ್ತದೆ, ಹಾಕಿದರೆ ಮೇಲಿನ ಬ್ಯಾಟರಿ ಚಿತ್ರ ಹಳದಿಯಾಗುತ್ತದೆ, ಹಿನ್ನೆಲೆಯ ಮೇಲ್ ಫೆಚ್ ನಿಲ್ಲುತ್ತದೆ. ಚಾರ್ಜ್ ಆಗಿ 80 ಪ್ರತಿಶತ ತಲುಪಿದಾಗ ಅದು ತಾನೇ ಆಫ್ ಆಗುತ್ತದೆ. ಮಧ್ಯಾಹ್ನ ಅರ್ಧಂಬರ್ಧ, ಅರವತ್ತರವರೆಗೆ ಚಾರ್ಜ್ ಮಾಡಿ ತೆಗೆದರೆ ಹಳದಿ ಹಾಗೇ ಉಳಿದು, ಸಂಜೆಯವರೆಗೂ ಮೇಲ್ ಫೆಚ್ ಸ್ತಬ್ಧ.

ತಪ್ಪು ಫೋನಿನದೋ ದಾರಿಯದೋ ಎಂದು ಖಚಿತವಾಗಿ ತಿಳಿಯಲು ಮೇಲ್‌ನ ಮೇಲೇ ಇರುವ ಮುದ್ರೆಗಳನ್ನು ಓದಬಹುದು. ದಾರಿಯಲ್ಲಿ ಸಿಗುವ ಪ್ರತಿ ಸರ್ವರೂ ಅಂಚೆ ಮೊಹರಿನಂತೆ ಸಮಯ ಒತ್ತುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕಿಯಲ್ಲಿ Show original ಒತ್ತಿದರೆ ಎಷ್ಟು ಸೆಕೆಂಡಿನಲ್ಲಿ ತಲುಪಿತೆಂದು ಮೇಲ್ಭಾಗದಲ್ಲೇ ಬರೆದಿರುತ್ತದೆ. ಕೆಳಗೆ ಇಂಥ ಸಾಲುಗಳಿರುತ್ತವೆ:

```
Received: by mx.example.com;
        Mon, 03 Mar 2025 21:12:07 -0800 (PST)
```

ಇದನ್ನು ನೋಡಿ ಹಿಂದಿನ ರಾತ್ರಿಯೇ ಬಂದಿತ್ತು ಎಂದು ಗಾಬರಿಯಾಗುವ ಅಗತ್ಯವಿಲ್ಲ. ಕೊನೆಯ -0800 ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರ. ಅದಕ್ಕೆ ಹದಿಮೂರೂವರೆ ಗಂಟೆ ಕೂಡಿಸಿದರೆ ಭಾರತದಲ್ಲಿ ಮಾರ್ಚ್ 4ರ ಬೆಳಿಗ್ಗೆ 10:42. ಎಲ್ಲಕ್ಕಿಂತ ಮೇಲಿನ Received ಸಾಲು ಕೊನೆಯ ಸರ್ವರಿನದು. ಅದು 10:42 ಎಂದು ಹೇಳಿ ನೋಟಿಫಿಕೇಶನ್ 11:00ಕ್ಕೆ ಬಂದಿದ್ದರೆ, ಹದಿನೆಂಟು ನಿಮಿಷ ಕಳೆದದ್ದು ಫೋನಿನ ಬದಿಯಲ್ಲೇ. ಆ ಸಾಲಿಗೂ ಅದರ ಕೆಳಗಿನದಕ್ಕೂ ಹತ್ತಿಪ್ಪತ್ತು ನಿಮಿಷದ ಅಂತರವಿದ್ದರೆ ಸೆಟ್ಟಿಂಗ್ಸ್ ಕೆದಕಿ ಪ್ರಯೋಜನವಿಲ್ಲ. ಗುರುತಿಲ್ಲದ ಕಡೆಯಿಂದ ಬಂದ ಮೊದಲ ಮೇಲನ್ನು ಕೆಲವು ಸರ್ವರುಗಳು ಸ್ಪ್ಯಾಮ್ ಭಯದಿಂದ ‘ಆಮೇಲೆ ಬಾ’ ಎಂದು ಬೇಕೆಂದೇ ಹಿಂದೆ ಕಳಿಸುತ್ತವೆ. ಕಳಿಸಿದ ಸರ್ವರ್ ಮತ್ತೆ ಪ್ರಯತ್ನಿಸುವವರೆಗೆ ಕಾಯಲೇಬೇಕು.

ತಡ ಫೋನಿನಲ್ಲೇ ಎಂದು ಗೊತ್ತಾದ ಮೇಲೆ ಇಡೀ ಫೋನಿನ ಬ್ಯಾಟರಿ ಉಳಿತಾಯ ತೆಗೆದುಹಾಕುವುದು ಅತಿಯಾಯಿತು. ಮೇಲ್ ಆ್ಯಪ್ ಒಂದಕ್ಕೆ ವಿನಾಯಿತಿ ಸಾಕು: ಆಂಡ್ರಾಯ್ಡಿನಲ್ಲಿ ಆ ಆ್ಯಪಿನ App battery usage ಪುಟದಲ್ಲಿ Unrestricted, ಸ್ಯಾಮ್‌ಸಂಗ್‌ನಲ್ಲಿ Never sleeping apps ಪಟ್ಟಿ, ಐಫೋನಿನಲ್ಲಿ ಜಿಮೇಲ್‌ಗೆ ಅದರದೇ ಆ್ಯಪ್. ಅಷ್ಟಾದರೂ ಮೌನವಾಗಿದ್ದರೆ ಜಿಮೇಲ್ ಆ್ಯಪಿನ ಒಳಗಿನ ನೋಟಿಫಿಕೇಶನ್ ಆಯ್ಕೆ High priority only ಎಂದಿದೆಯೇ ಎಂದು ನೋಡಬೇಕು; ಅಲ್ಲಿ ಮೇಲ್ ಬಂದಿರುತ್ತದೆ, ಮುಖ್ಯವಲ್ಲವೆಂದು ಆ್ಯಪ್ ಸದ್ದು ಮಾಡಿರುವುದಿಲ್ಲ. ಮನೆಯಲ್ಲಿ ಸರಿಯಾಗಿದ್ದು ಆಫೀಸಿನ ವೈಫೈನಲ್ಲಿ ಮಾತ್ರ ತಡವಾಗುತ್ತಿದ್ದರೆ, ಪುಶ್ ಸಾಲು ಬಳಸುವ ಪೋರ್ಟನ್ನು, ಅಂದರೆ ಆಂಡ್ರಾಯ್ಡಿನ 5228 ಅಥವಾ ಐಫೋನಿನ 5223 ಅನ್ನು, ಆಫೀಸಿನ ಫೈರ್‌ವಾಲ್ ಮುಚ್ಚಿರಬಹುದು. ವೈಫೈ ಆಫ್ ಮಾಡಿ ಮೊಬೈಲ್ ಡೇಟಾಕ್ಕೆ ಬಂದ ಕೂಡಲೇ ಕಾದಿದ್ದ ಮೇಲ್‌ಗಳೆಲ್ಲ ಒಟ್ಟಿಗೆ ಟಿಂಗ್ ಎಂದರೆ ಅನುಮಾನ ನಿಜ.