ಸಂಚಿಕೆಯ ಶೀರ್ಷಿಕೆ ತಿದ್ದಿದ ಕಥೆ



ನಮ್ಮ ಸಂಘದ ಪಾಡ್‌ಕಾಸ್ಟ್‌ನ ನಾಲ್ಕನೆಯ ಸಂಚಿಕೆಯನ್ನು ಅಕ್ಕಲಕೋಟದ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ಧ್ವನಿಮುದ್ರಿಸಿದ್ದೆವು. ಅವರ ಕೋರಿಕೆಯಂತೆ ಹೆಸರನ್ನು ಇಲ್ಲಿ ಬಿಟ್ಟಿದ್ದೇವೆ, ಸಂಚಿಕೆಯಲ್ಲಿ ಇದೆ. ಮಾತು ಬಹಳ ಚೆನ್ನಾಗಿ ಬಂದಿತ್ತು. ಆದರೆ ಕೇಳಿದವರು ಬೆರಳೆಣಿಕೆಯಷ್ಟು. ಮಾಸ್ತರರ ಮೊಮ್ಮಗಳು ಪುಣೆಯಿಂದ ಫೋನ್ ಮಾಡಿ, “ಕಾಕಾ, ಅಜ್ಜನ ಸಂಚಿಕೆ ಯಾವುದ್ರೀ? ಹುಡುಕಿದರ ಸಿಗವಲ್ದು” ಅಂದಾಗ ನಮಗೆ ನಾಚಿಕೆಯಾಯಿತು. ನಾವು ಕೊಟ್ಟಿದ್ದ ಶೀರ್ಷಿಕೆ ಇದು:

“ಸಂಚಿಕೆ 4 | ಗಡಿನಾಡ ಧ್ವನಿ | ಹಿರಿಯರೊಂದಿಗೆ ವಿಶೇಷ ಸಂವಾದ”

ವಿವರಣೆ: “ಈ ಸಂಚಿಕೆಯಲ್ಲಿ ಹಿರಿಯ ಶಿಕ್ಷಕರು ತಮ್ಮ ಅನುಭವಗಳನ್ನು ಹಂಚಿಕೊಂಡಿದ್ದಾರೆ. ತಪ್ಪದೇ ಕೇಳಿ, ಶೇರ್ ಮಾಡಿ.”

ಆವಕ-ಜಾವಕ ರಜಿಸ್ಟರ್ ಬರೆದು ಬರೆದು ಕೈ ಸವೆದವರು ನಾವು. “ವಿಷಯ: ಪತ್ರದ ಬಗ್ಗೆ” ಎಂದು ಯಾರಾದರೂ ಬರೆದುಕೊಟ್ಟಿದ್ದರೆ ತಿರುಗಿ ಕಳಿಸುತ್ತಿದ್ದೆವು. ಇಲ್ಲಿ ಅದೇ ತಪ್ಪನ್ನು ನಾವೇ ಮಾಡಿದ್ದೆವು. ಮೊಬೈಲ್ ಪರದೆಯಲ್ಲಿ ಉದ್ದನೆಯ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ಕಣ್ಣಿಗೆ ಬೀಳುವುದು ಮೊದಲ ನಾಲ್ಕೈದು ಪದ ಮಾತ್ರ. ನಮ್ಮ ಮೊದಲ ಪದಗಳೆಲ್ಲ ಸಂಚಿಕೆಯ ಸಂಖ್ಯೆಗೂ ಕಾರ್ಯಕ್ರಮದ ಹೆಸರಿಗೂ ಖರ್ಚಾಗಿದ್ದವು. ಸಂಖ್ಯೆಗೆ ಅಪ್‌ಲೋಡ್ ಮಾಡುವ ಪುಟದಲ್ಲಿ ಬೇರೆ ಖಾನೆಯೇ ಇದೆ. ಕಾರ್ಯಕ್ರಮದ ಹೆಸರು ಹೇಗೂ ಪಕ್ಕದಲ್ಲೇ ಕಾಣುತ್ತದೆ.

ತಿದ್ದುವ ಮೊದಲು ಕಾಗದ ಹಿಡಿದು ಪೂರ್ತಿ ಮತ್ತೆ ಕೇಳಿದೆವು, ನಿಮಿಷ ಬರೆದುಕೊಂಡೆವು. 12:40ಕ್ಕೆ ಮಾಸ್ತರರು ಒಂದು ಮಾತು ಹೇಳುತ್ತಾರೆ. ತಾವು ಓದಿದ್ದು ಮರಾಠಿ ಶಾಲೆ. ಒಂದು ಮಳೆಗಾಲದಲ್ಲಿ ಮನೆಯಲ್ಲಿದ್ದ ಜಯದೇವಿತಾಯಿ ಲಿಗಾಡೆಯವರ ಸಿದ್ಧರಾಮ ಪುರಾಣವನ್ನು ಮುಂದಿಟ್ಟುಕೊಂಡು ಕನ್ನಡ ಅಕ್ಷರ ಕಲಿತರು. ಕೇಳಿ ಬಾಯಿಪಾಠವಾಗಿದ್ದ ತ್ರಿಪದಿಗಳು, ಹಾಗಾಗಿ ಸಾಲಿನ ಮೇಲೆ ಬೆರಳಿಟ್ಟರೆ ಅಕ್ಷರ ತಾನಾಗಿ ಗುರುತಾಗುತ್ತಿತ್ತಂತೆ. ಮರಾಠಿಯಲ್ಲಿ ಎ-ಏ, ಒ-ಓ ಎಂದು ಹ್ರಸ್ವ-ದೀರ್ಘ ಬೇರೆ ಬೇರೆ ಅಕ್ಷರಗಳಿಲ್ಲ, ತಾವು ಎಡವಿದ್ದು ಅಲ್ಲೇ ಎಂದು ಉದಾಹರಣೆ ಕೊಟ್ಟು ತೋರಿಸುತ್ತಾರೆ. ಸೊಲ್ಲಾಪುರದ ಜಯದೇವಿತಾಯಿಯವರೂ ಮರಾಠಿಯಲ್ಲಿ ಶಿಕ್ಷಣ ಪಡೆದು ಆಮೇಲೆ ಕನ್ನಡ ಕಲಿತವರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಮಕ್ಕಳನ್ನು ಮರಾಠಿ ಶಾಲೆಗೆ ಕಳಿಸುವ ನಮ್ಮ ಮನೆಗಳಿಗೆ ಬೇಕಾದದ್ದು ಇದೇ. ಇದನ್ನು ‘ಅನುಭವ’ ಎಂಬ ಒಂದು ಪದದಡಿ ಹೂತಿದ್ದೆವು!

ಮೊದಲ ಪ್ರಯತ್ನದಲ್ಲಿ “ಒಂದೇ ತಿಂಗಳಲ್ಲಿ ಕನ್ನಡ ಕಲಿಯುವ ಗುಟ್ಟು” ಎಂದು ಬರೆದು, ಕೂಡಲೇ ಹೊಡೆದುಹಾಕಿದೆವು. ಮಾಸ್ತರರು ಅಂಥ ಗುಟ್ಟನ್ನೇನೂ ಹೇಳಿಲ್ಲ. ಇಲ್ಲದ್ದನ್ನು ಹುಡುಕಿಕೊಂಡು ಬಂದವರು ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಕೊನೆಗೆ ನಿಂತದ್ದು ಇದು:

“ಮರಾಠಿ ಶಾಲೆ, ಮನೆಯಲ್ಲಿ ಕನ್ನಡ ಅಕ್ಷರ: ಅಕ್ಕಲಕೋಟದ ಮಾಸ್ತರರ ನೆನಪು”

ಅತಿಥಿ ಊರಿಗೆಲ್ಲ ಗೊತ್ತಿದ್ದವರಾದರೆ ಹೆಸರೇ ಮೊದಲು ಬರಬೇಕು. ಗೊತ್ತಿಲ್ಲದವರಾದರೆ ವಿಷಯ ಮೊದಲು, ಅವರು ಯಾರೆಂಬುದು ನಂತರ. ಪೂರ್ಣ ಹೆಸರನ್ನು ವಿವರಣೆಯ ಮೊದಲ ಸಾಲಿನಲ್ಲೇ ಕೊಟ್ಟೆವು, ಏಕೆಂದರೆ ವಿವರಣೆಯಲ್ಲೂ ಒತ್ತದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಎರಡನೆಯ ಸಾಲು: “ಮರಾಠಿ ಓದಬಲ್ಲವರಿಗೆ ಕನ್ನಡದ ಯಾವ ಅಕ್ಷರ ಸುಲಭ, ಯಾವುದು ತೊಡಕು ಎಂಬುದನ್ನು 12:40ರಿಂದ ಕೇಳಿ.” ಹಲವು ಆ್ಯಪ್‌ಗಳಲ್ಲಿ ಹೀಗೆ ಬರೆದ ಸಮಯವನ್ನು ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ.

ನಮ್ಮ ಭಾಗದ್ದೇ ಒಂದು ತೊಡಕು ಇನ್ನೂ ಉಳಿದಿತ್ತು. ಕನ್ನಡ ಕೇಳಿ ತಿಳಿಯುವ, ಆದರೆ ಓದಲು ಬಾರದ ಎಳೆಯರು ನಮ್ಮಲ್ಲಿ ಬಹಳ. ಅವರು ಹುಡುಕುವುದು ಇಂಗ್ಲಿಷ್ ಅಥವಾ ಮರಾಠಿ ಅಕ್ಷರದಲ್ಲಿ. ಆದ್ದರಿಂದ ವಿವರಣೆಯ ಕೊನೆಗೆ ಹೆಸರುಗಳನ್ನು ಮತ್ತೆ ಬರೆದೆವು: Jayadevitai Ligade, Solapur, Akkalkot, जयदेवीताई लिगाडे. ಅತಿಥಿಯ ಹೆಸರನ್ನೂ ಹಾಗೆಯೇ. ಒಂದು ಸಲ ಸಾಕು, ಹತ್ತು ಸಲ ತುರುಕಬಾರದು.

ಇನ್ನೊಂದು ಎಚ್ಚರ. ಹಳೆಯ ಸಂಚಿಕೆಯನ್ನು ಅಳಿಸಿ ಹೊಸದಾಗಿ ಏರಿಸಬೇಡಿ. ಹಾಗೆ ಮಾಡಿದರೆ ವಾಟ್ಸಾಪ್‌ನಲ್ಲಿ ಹಂಚಿದ ಹಳೆಯ ಲಿಂಕ್ ಸತ್ತುಹೋಗುತ್ತದೆ, ಕೇಳಿದವರ ಲೆಕ್ಕವೂ ಸೊನ್ನೆಯಿಂದ ಶುರುವಾಗುತ್ತದೆ. ಅದೇ ಸಂಚಿಕೆಯಲ್ಲಿ ‘Edit’ ಒತ್ತಿ ಬರಹ ಮಾತ್ರ ಬದಲಿಸಿ. ಎಲ್ಲ ಆ್ಯಪ್‌ಗಳಲ್ಲಿ ಹೊಸದು ಕಾಣಲು ಒಂದು ದಿನ ಹಿಡಿದರೂ ಗಾಬರಿ ಬೇಡ. ನಾವು ಗಾಬರಿಯಾಗಿ ಮೂರು ಸಲ ತಿದ್ದಿದ್ದು ಬೇರೆ ಮಾತು.

ಮೊಮ್ಮಗಳು ಇಂಗ್ಲಿಷ್ ಅಕ್ಷರದಲ್ಲಿ ಅಜ್ಜನ ಹೆಸರು ಹಾಕಿ ಹುಡುಕಿದಳಂತೆ, ಸಿಕ್ಕಿತಂತೆ. ಉಳಿದ ಮೂರು ಸಂಚಿಕೆಗಳ ಶೀರ್ಷಿಕೆ ತಿದ್ದುವ ಕೆಲಸ ಬರುವ ರವಿವಾರ ಸೊಲ್ಲಾಪುರದ ಸಭೆಯಲ್ಲಿ ಇದೆ. ಬರುವವರು ಮೊದಲೇ ಅವನ್ನು ಕೇಳಿ, ನಿಮಿಷ ಗುರುತು ಹಾಕಿಕೊಂಡು ಬನ್ನಿರಿ.

– ಕಾರ್ಯದರ್ಶಿ