ಕೋರೆಹಲ್ಲು ಉದ್ದವಾದಾಗ

ಓದುಗರೊಬ್ಬರು ಬರೆದಿದ್ದಾರೆ: "ಮೇಲಿನ ಸಾಲಿನ ಎಡಗಡೆಯ ನನ್ನ ಕೋರೆಹಲ್ಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ದಿನಕ್ಕೆ ಮೂರು ಸಲ ಚೆನ್ನಾಗಿ ಉಜ್ಜುತ್ತೇನೆ, ಆದರೂ ಹೀಗೇಕೆ? ವಸಡಿಗೆ ಕಸಿ ಮಾಡಿಸಲೇಬೇಕೆ?"

ಹಲ್ಲು ಬೆಳೆದಿಲ್ಲ. ಅದರ ಬುಡವನ್ನು ಮುಚ್ಚಿದ್ದ ವಸಡು ಹಿಂದೆ ಸರಿದಿದೆ, ಹಳದಿ ಬಣ್ಣದ ಬೇರು ಹೊರಗೆ ಬಿದ್ದಿದೆ. ಆ "ಚೆನ್ನಾಗಿ ಉಜ್ಜುತ್ತೇನೆ, ಆದರೂ" ಎನ್ನುವ ಮಾತಿನಲ್ಲಿ ಅರ್ಧ ಉತ್ತರವಿದೆ. ಅದನ್ನು ಬಿಡಿಸಿ ಹೇಳಲು ಓಸ್ಲೋಗೂ ಶ್ರೀಲಂಕಾಕ್ಕೂ ಹೋಗಿಬರಬೇಕು.

ಹರಾಲ್ಡ್ ಲೋ ಎಂಬ ನಾರ್ವೆಯ ದಂತವಿಜ್ಞಾನಿ ಮತ್ತು ಅವರ ಸಂಗಡಿಗರು 1969ರಲ್ಲಿ ಓಸ್ಲೋದ ವಿದ್ಯಾವಂತ ಯುವಕರ ಬಾಯಿಗಳನ್ನು ಅಳೆದರು. ಮರುವರ್ಷ ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುವವರ ಬಾಯಿಗಳನ್ನೂ ಅಳೆದರು. ಮೊದಲ ಗುಂಪಿನವರು ಬಾಲ್ಯದಿಂದ ಬ್ರಶ್ ಹಿಡಿದವರು, ದಂತವೈದ್ಯರ ಬಳಿ ತಪ್ಪದೆ ಹೋಗುವವರು. ಎರಡನೆಯ ಗುಂಪಿಗೆ ಬ್ರಶ್ಶೂ ಇಲ್ಲ, ದಂತವೈದ್ಯರೂ ಇಲ್ಲ. ಇದೇ ಜನರನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗಿ, ವರ್ಷಗಟ್ಟಲೆ ಅಳೆದು, ವಸಡಿನ ಲೆಕ್ಕವನ್ನು 1992ರಲ್ಲಿ ಪ್ರಕಟಿಸಿದರು. ಬ್ರಶ್ಶಿಲ್ಲದ ಶ್ರೀಲಂಕಾದವರಲ್ಲಿ ನಲವತ್ತು ದಾಟುವ ಹೊತ್ತಿಗೆ ಎಲ್ಲರ ವಸಡೂ ಎಲ್ಲೋ ಒಂದು ಕಡೆ ಸರಿದಿತ್ತು. ಇದು ಊಹಿಸಬಹುದಾದದ್ದೇ. ಆದರೆ ಓಸ್ಲೋದಲ್ಲಿ ಇಪ್ಪತ್ತರ ಹರೆಯದಲ್ಲೇ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿಗೆ ವಸಡು ಸರಿದಿತ್ತು! ಐವತ್ತರ ಹೊತ್ತಿಗೆ ಆ ಸಂಖ್ಯೆ 90 ದಾಟಿತು.

ವ್ಯತ್ಯಾಸವಿದ್ದದ್ದು ಜಾಗದಲ್ಲಿ. ಓಸ್ಲೋದವರಲ್ಲಿ ವಸಡು ಸರಿದದ್ದು ಹೆಚ್ಚಾಗಿ ಹಲ್ಲಿನ ಹೊರಮೈಯಲ್ಲಿ, ತುಟಿ ಮತ್ತು ಕೆನ್ನೆಯ ಕಡೆ, ಅಂದರೆ ಬ್ರಶ್ ಜೋರಾಗಿ ಓಡಾಡುವ ಕಡೆ. ಚಹಾ ತೋಟದವರಲ್ಲಿ ಹೊರಗೆ, ಒಳಗೆ, ಹಲ್ಲುಹಲ್ಲಿನ ಸಂದಿನಲ್ಲಿ, ಎಲ್ಲೆಡೆಯೂ. ನಾನು ವಸಡಿನ ಚಿಕಿತ್ಸೆ ಮಾಡುವವನು. ಯಾರಾದರೂ ತುಟಿ ಎತ್ತಿ ತೋರಿಸಿದಾಗ ಮೊದಲು ನೋಡುವುದು ಸರಿದ ಜಾಗವನ್ನಲ್ಲ, ಅದರ ಅಕ್ಕಪಕ್ಕದ ಸಂದಿಯನ್ನು. ಎರಡು ಹಲ್ಲುಗಳ ನಡುವೆ ಗುಲಾಬಿ ಬಣ್ಣದ ಪುಟ್ಟ ತ್ರಿಕೋನವಿರುತ್ತದೆ. ಅದು ತುಂಬಿಕೊಂಡಿದ್ದರೆ ಅದರ ಕೆಳಗಿನ ಮೂಳೆ ಉಳಿದಿದೆ ಎಂದರ್ಥ. ತ್ರಿಕೋನ ಕುಸಿದು ಕಪ್ಪು ಕಿಂಡಿ ಬಿದ್ದಿದ್ದರೆ ಪಾಚಿ, ಗಾರೆ, ಕೀವುಗಳ ವಸಡುರೋಗ ಮೂಳೆಯನ್ನು ತಿಂದಿರುವ ಸಾಧ್ಯತೆಯೇ ಹೆಚ್ಚು. ಆಗ ಚಿಕಿತ್ಸೆ ಅಲ್ಲಿಂದ ಶುರುವಾಗಬೇಕು. ಕಸಿಯ ಮಾತು ಆಮೇಲೆ.

ಹಾಗಾದರೆ ಬ್ರಶ್ಶೇ ಅಪರಾಧಿಯೆ? ಅಷ್ಟು ಸರಳವಲ್ಲ. ಒಂದೇ ಬಗೆಯಲ್ಲಿ ತಿಕ್ಕುವ ಅಣ್ಣತಮ್ಮಂದಿರಲ್ಲಿ ಒಬ್ಬನ ವಸಡು ಸರಿಯುತ್ತದೆ, ಇನ್ನೊಬ್ಬನದು ಅಲ್ಲಾಡುವುದಿಲ್ಲ. ಕಾರಣ ವಸಡಿನ ದಪ್ಪ. ಹಲ್ಲು ಮತ್ತು ವಸಡಿನ ನಡುವಿನ ಸಣ್ಣ ಕಾಲುವೆಗೆ ಮಿಲಿಮೀಟರ್ ಗುರುತಿರುವ ತೆಳ್ಳನೆಯ ಅಳತೆಕಡ್ಡಿಯನ್ನು ಮೆಲ್ಲಗೆ ಇಳಿಸುತ್ತೇವೆ. ಕೆಲವರಲ್ಲಿ ಕಡ್ಡಿಯ ಬೂದುಬಣ್ಣ ವಸಡಿನ ಮೂಲಕ, ತೆಳು ಪಂಚೆಯ ಹಿಂದಿನ ನೆರಳಿನಂತೆ, ಕಾಣುತ್ತದೆ. ಅದು ತೆಳು ವಸಡು. ಇಂಥವರಲ್ಲಿ ಬೇರಿನ ಮುಂದಿರುವ ಮೂಳೆಯೂ ಬಲು ತೆಳುವಾಗಿರುತ್ತದೆ, ಕೆಲವೆಡೆ ಇರುವುದೇ ಇಲ್ಲ. ಸಾಲಿನಿಂದ ಮುಂದೆ ಚಾಚಿದ ಹಲ್ಲು, ಕ್ಲಿಪ್ ಹಾಕಿಸಿದಾಗ ಹೊರಕ್ಕೆ ತಳ್ಳಿದ ಹಲ್ಲು, ಇವುಗಳ ಬೇರು ಮೂಳೆಯ ಗೋಡೆಯಿಂದಾಚೆ ಬಂದಿರಬಹುದು. ಹಿಂದೆ ಆಸರೆಯಿಲ್ಲದ ವಸಡು ನೆಪಕ್ಕಾಗಿ ಕಾಯುತ್ತಿರುತ್ತದೆ. ಗಟ್ಟಿ ಬ್ರಶ್, ಇದ್ದಿಲು, ಉಮಿಕರಿ, ಸದಾ ಒಂದೇ ಕಡೆ ಒತ್ತಿಡುವ ಹೊಗೆಸೊಪ್ಪು, ವಸಡಿನಂಚಿನ ಪಾಚಿಯಿಂದಾಗುವ ಊತ, ಯಾವುದಾದರೂ ಆ ನೆಪವಾಗಬಹುದು.

ಮೂರು ವರ್ಷದ ಹಿಂದೆ ಇದೇ ದೂರು ಹಿಡಿದು ಶಾಲಾ ಶಿಕ್ಷಕಿಯೊಬ್ಬರು ಬಂದಿದ್ದರು, ವಯಸ್ಸು ಮೂವತ್ತಾರು. "ಡಾಕ್ಟ್ರೇ, ನಕ್ಕರೆ ಮಕ್ಕಳಿಗೆ ಈ ಹಲ್ಲೇ ಕಾಣತ್ತೆ, ಏನಾದ್ರೂ ಮಾಡಿ" ಎಂದರು. ಎಡ ಕೋರೆಹಲ್ಲಿನಲ್ಲಿ ವಸಡು 3 ಮಿಲಿಮೀಟರ್ ಸರಿದಿತ್ತು. ಅಕ್ಕಪಕ್ಕದ ತ್ರಿಕೋನಗಳು ತುಂಬಿಕೊಂಡಿದ್ದವು. ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಸಣ್ಣ ಕಚ್ಚು ಬಿದ್ದಿತ್ತು. ಮನೆಯಿಂದ ಬ್ರಶ್ ತರಲು ಹೇಳಿದ್ದೆ. ಕೊಂಡು ಒಂದು ತಿಂಗಳಾಗಿದ್ದ ಅದರ ಎಳೆಗಳು ಹಳೆಯ ಪೊರಕೆಯ ಹಾಗೆ ಎರಡೂ ಕಡೆಗೆ ಚೆದುರಿದ್ದವು. ಉಜ್ಜಿ ತೋರಿಸಿ ಎಂದರೆ, ಬಲಗೈಯ ಮುಷ್ಟಿಯಲ್ಲಿ ಬ್ರಶ್ ಹಿಡಿದು ಎಡ ಕೋರೆಹಲ್ಲಿನಿಂದಲೇ ಶುರು ಮಾಡಿ ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಎಳೆದರು. ಬಲಗೈಯವರಲ್ಲಿ ಎಡಗಡೆ ವಸಡು ಹೆಚ್ಚು ಸರಿಯುವುದನ್ನು ನಾವು ಮೇಲಿಂದ ಮೇಲೆ ನೋಡುತ್ತೇವೆ. ತೋಳಿನ ಬಲ ಪೂರ್ತಿ ಬೀಳುವುದು ಅಲ್ಲೇ.

ಅವರು ಗಮನಿಸದಿದ್ದದ್ದು ಇನ್ನೊಂದಿತ್ತು. ಕೆಳಗಿನ ಮುಂಭಾಗದ ಒಂದು ಬಾಚಿಹಲ್ಲಿನಲ್ಲಿ ವಸಡು 1 ಮಿಲಿಮೀಟರ್ ಸರಿದಿತ್ತು. ತುಟಿ ಎಳೆದಾಗ ತುಟಿಯೊಳಗಿನ ಪಟ್ಟಿ ಆ ಅಂಚನ್ನೂ ಜೊತೆಗೆ ಎಳೆಯುತ್ತಿತ್ತು. ಗಟ್ಟಿ ವಸಡು ಅಲ್ಲಿ ಹೆಚ್ಚುಕಡಿಮೆ ಉಳಿದೇ ಇರಲಿಲ್ಲ, ಸಡಿಲವಾದ ಕೆಂಪು ಚರ್ಮ ನೇರವಾಗಿ ಹಲ್ಲಿಗೆ ತಾಗಿತ್ತು. ಬ್ರಶ್ ತಾಗಿದರೆ ನೋವು ಎಂದು ಆ ಒಂದು ಹಲ್ಲನ್ನು ಅವರು ಬಿಟ್ಟುಬಿಡುತ್ತಿದ್ದರು. ಅಲ್ಲಿ ಪಾಚಿ ಕೂತಿತ್ತು.

ಕಸಿ ಎಂಬ ಹೆಸರು ಈ ಶಸ್ತ್ರಚಿಕಿತ್ಸೆಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ನಾಟಿ ಮಾವಿನ ಸಸಿಗೆ ಆಪೂಸಿನ ಕಡ್ಡಿ ಕಟ್ಟಿದರೆ ಬಿಡುವುದು ಆಪೂಸಿನ ಹಣ್ಣು. ಬೇರು ಯಾರದ್ದಾದರೂ ಕಡ್ಡಿ ತನ್ನ ಗುಣ ಬಿಡುವುದಿಲ್ಲ. ವಸಡಿನಲ್ಲೂ ಹೀಗೆಯೇ. ಗಟ್ಟಿ ವಸಡು ಗಟ್ಟಿಯಾಗಿರಬೇಕೆಂದು ನಿರ್ಧರಿಸುವುದು ಮೇಲಿನ ಚರ್ಮವಲ್ಲ, ಅದರ ಕೆಳಗಿನ ನಾರಿನ ಪದರ ಎಂದು ಕಾರಿಂಗ್, ಲಾಂಗ್ ಮತ್ತು ಲೋ 1975ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆ ಪದರವನ್ನು ಸಡಿಲ ಚರ್ಮವಿರುವ ಕಡೆ ನೆಟ್ಟರೆ ಅದರ ಮೇಲೆ ಗಟ್ಟಿ ವಸಡೇ ಹುಟ್ಟುತ್ತದೆ. ಆ ಪದರ ಧಾರಾಳವಾಗಿ ಸಿಗುವುದು ಅಂಗುಳದಲ್ಲಿ, ಕೋರೆಹಲ್ಲಿನಿಂದ ದವಡೆಹಲ್ಲಿನವರೆಗಿನ ಭಾಗದಲ್ಲಿ. ಅಲ್ಲಿಂದ ಸುಮಾರು 1ರಿಂದ 1.5 ಮಿಲಿಮೀಟರ್ ದಪ್ಪದ ತುಂಡು ತೆಗೆಯುತ್ತೇವೆ.

ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಕಸಿಕಡ್ಡಿ ಬದುಕುವುದು ಎರಡು ಹಸಿ ಮೈಗಳು ಅಲುಗಾಡದೆ ಕೂಡಿಕೊಂಡಾಗ. ಅಂಗುಳದ ತುಂಡಿಗೂ ಮೊದಲ ಎರಡು ದಿನ ತನ್ನದೇ ರಕ್ತನಾಳಗಳಿಲ್ಲ, ಕೆಳಗಿನ ಗಾಯದಿಂದ ಒಸರುವ ದ್ರವವೇ ಅದರ ಆಹಾರ. ಆಮೇಲಷ್ಟೇ ನಾಳಗಳು ಒಳಗೆ ಬೆಳೆಯುತ್ತವೆ. ಆದರೆ ನಾವು ಮುಚ್ಚಬೇಕಾದ ಬೇರು ಕಲ್ಲಿನಂಥದ್ದು, ಅದರಿಂದ ಒಂದು ಹನಿ ರಕ್ತವೂ ಬಾರದು. ತುಂಡಿನಲ್ಲಿ ಬೇರಿನ ಮೇಲೆ ಕೂತ ಭಾಗ ಬದುಕಬೇಕಾದರೆ ಎರಡು ಪಕ್ಕಗಳಿಂದಲೇ ಆಹಾರ ಬರಬೇಕು. ಆ ಪಕ್ಕ ಎಂದರೆ ಸಂದಿಯ ತ್ರಿಕೋನಗಳು. ಅವು ತುಂಬಿದ್ದರೆ ಬೇರನ್ನು ಪೂರ್ತಿ ಮುಚ್ಚುವ ಭರವಸೆ ಕೊಡಬಹುದು. ಸ್ವಲ್ಪ ಕುಸಿದಿದ್ದರೆ ಅರೆಬರೆ ಮುಚ್ಚಬಹುದು. ತೀರಾ ಕುಸಿದಿದ್ದರೆ ಪೂರ್ತಿ ಮುಚ್ಚುತ್ತೇನೆಂದು ಹೇಳುವವರನ್ನು ನಂಬಬೇಡಿ. 2011ರಲ್ಲಿ ಇಟಲಿಯ ಕೈರೋ ಮಾಡಿದ, ಈಗ ಎಲ್ಲರೂ ಬಳಸುವ ಮೂರು ದರ್ಜೆಗಳ ತಿರುಳು ಇಷ್ಟೇ.

ಇನ್ನು ವಸಡನ್ನು ಮತ್ತೆ ಬೆಳೆಸುತ್ತದೆ ಎನ್ನುವ ಪೇಸ್ಟು, ಎಣ್ಣೆ, ಪುಡಿಗಳ ಜಾಹೀರಾತು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲವು ಪೇಸ್ಟುಗಳು ಜುಮ್ಮೆನ್ನುವುದನ್ನು ನಿಜಕ್ಕೂ ತಗ್ಗಿಸುತ್ತವೆ. ಸರಿದ ವಸಡನ್ನು ಯಾವುದೂ ಬೆಳೆಸುವುದಿಲ್ಲ. ನಂಬಿ ಕಾದವರು ಕಳೆದುಕೊಳ್ಳುವುದು ದುಡ್ಡಿಗಿಂತ ಹೆಚ್ಚಾಗಿ ಸಮಯವನ್ನು.

ಕಸಿ ಯಾವಾಗ ಬೇಕು? ಅಳತೆ ಬೆಳೆಯುತ್ತಲೇ ಇದ್ದರೆ, ಪೇಸ್ಟಿಗೂ ಜುಮ್ಮೆನ್ನುವುದು ನಿಲ್ಲದಿದ್ದರೆ, ಗಟ್ಟಿ ವಸಡು ಉಳಿಯದೆ ಉಜ್ಜಲಿಕ್ಕೇ ಆಗದಿದ್ದರೆ, ತೆಳು ವಸಡಿನ ಹಲ್ಲನ್ನು ಕ್ಲಿಪ್ ಹಾಕಿ ಹೊರಕ್ಕೆ ಸರಿಸಬೇಕಾಗಿದ್ದರೆ, ಅಥವಾ ನಗುವಾಗ ಕಾಣುವ ಹಲ್ಲು ರೋಗಿಗೆ ನಿಜಕ್ಕೂ ಕಿರಿಕಿರಿ ಕೊಡುತ್ತಿದ್ದರೆ. ಬರೀ ಸರಿದಿದೆ ಎಂಬುದೇ ಕಾರಣವಲ್ಲ. ಕಾರಣ ನಿಲ್ಲಿಸದೆ ಮಾಡಿದ ಕಸಿಯನ್ನು ಅದೇ ಬ್ರಶ್ ಮತ್ತೆ ಸವೆಸುತ್ತದೆ.

ಹಾಗಾಗಿ ಶಿಕ್ಷಕಿಗೆ ಮೊದಲು ಬ್ರಶ್ ಬದಲಿಸಲು ಹೇಳಿದೆ. ಮೃದು ಎಳೆಯದು, ಮುಷ್ಟಿಯಲ್ಲಲ್ಲ, ಪೆನ್ನಿನಂತೆ ಬೆರಳತುದಿಯಲ್ಲಿ ಹಿಡಿಯಬೇಕು. ಎಳೆಗಳನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು, ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಉರುಳಿಸಬೇಕು. ಮೇಲಿನ ಸಾಲಿಗೆ ಕೆಳಮುಖ, ಕೆಳಗಿನ ಸಾಲಿಗೆ ಮೇಲ್ಮುಖ. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಶುರು ಮಾಡುವುದು ಬಲಗಡೆಯಿಂದ, ಏಕೆಂದರೆ ಮೊದಲ ಹಲ್ಲಿಗೇ ಒತ್ತಡ ಜಾಸ್ತಿ. ನೋಯುವ ಹಲ್ಲನ್ನು ಬಿಡಕೂಡದು, ಒಂದು ಸಾಲು ಎಳೆಯ ಪುಟ್ಟ ಬ್ರಶ್ಶಿನಿಂದ ನೇವರಿಸಬೇಕು. ಮೂರು ತಿಂಗಳಾದರೂ ಎಳೆಗಳು ನೆಟ್ಟಗಿದ್ದರೆ ಕೈ ಪಳಗಿದೆ ಎಂದರ್ಥ. ಪಾಚಿ ತೆಗೆದು, ಅಳತೆ ಬರೆದಿಟ್ಟು, ಫೋಟೋ ತೆಗೆದು, ಆರು ತಿಂಗಳಿಗೆ ಬರಲು ಹೇಳಿದೆ.

ಆರು ತಿಂಗಳಿಗೆ ಕೋರೆಹಲ್ಲು 3 ಮಿಲಿಮೀಟರ್, ವರ್ಷಕ್ಕೂ 3. ಕಚ್ಚನ್ನು ಹಲ್ಲಿನ ಬಣ್ಣದ ಫಿಲ್ಲಿಂಗಿನಿಂದ ಮುಚ್ಚಿದ ಮೇಲೆ ಜುಮ್ಮೆನ್ನುವುದೂ ನಿಂತಿತ್ತು. "ಹೀಗೇ ಇರಲಿ ಬಿಡಿ" ಎಂದು ಅವರೇ ಅಂದರು. ಕೆಳಗಿನ ಬಾಚಿಹಲ್ಲಿನಲ್ಲಿ ಮಾತ್ರ 1 ಇದ್ದದ್ದು 2.5 ಆಗಿತ್ತು. ಕಸಿ ಮಾಡಿದ್ದು ಅದಕ್ಕೆ.

ಎಳೆಯುತ್ತಿದ್ದ ಪಟ್ಟಿಯನ್ನು ಬಿಡಿಸಿ, ಅಂಗುಳದ ತುಂಡನ್ನು ಅಲುಗದಂತೆ ಹೊಲಿದೆವು. ಮೊದಲ ವಾರ ಕಷ್ಟ ಕೊಟ್ಟದ್ದು ಕಸಿಯಲ್ಲ, ಅಂಗುಳದ ಗಾಯ. ಬಿಸಿ ಸಾರು, ಒಗ್ಗರಣೆಯ ಮೆಣಸಿನಕಾಯಿ ಬೇಡ, ತಣ್ಣನೆಯ ಮೊಸರನ್ನ, ಗಂಜಿ ಸಾಕು ಎಂದಿದ್ದೆ. ಎರಡು ವಾರ ಅಲ್ಲಿ ಬ್ರಶ್ ಇಲ್ಲ, ಔಷಧದ ನೀರಿನಿಂದ ಬಾಯಿ ಮುಕ್ಕಳಿಸುವುದಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ತುಟಿ ಎಳೆದು ಕನ್ನಡಿಯಲ್ಲಿ ನೋಡಿಕೊಳ್ಳಬಾರದು. ಚೆನ್ನಾಗಿ ಕೂತಿದ್ದ ಕಸಿಗಳು ಆ ಕುತೂಹಲಕ್ಕೇ ಕಿತ್ತು ಬಂದದ್ದನ್ನು ಕಂಡಿದ್ದೇನೆ. ಐದನೆಯ ದಿನ ಕಸಿಯ ಮೇಲ್ಪದರ ಬಿಳುಚಿ ಸುಲಿಯಿತು. ಅವರು ಗಾಬರಿಯಾಗಿ ಫೋನ್ ಮಾಡಿದರು. ಅದು ಸಹಜ, ಅಡಿಯಲ್ಲಿ ನಾಳಗಳು ಕೂಡಿಕೊಳ್ಳುತ್ತಿರುತ್ತವೆ.

ಮೂರನೆಯ ತಿಂಗಳಿಗೆ 1 ಮಿಲಿಮೀಟರ್ ಬೇರು ಇನ್ನೂ ಕಾಣುತ್ತಿತ್ತು. ವರ್ಷದ ಹೊತ್ತಿಗೆ ಅದು ಅರ್ಧಕ್ಕಿಳಿದಿತ್ತು. ಕೂತುಕೊಂಡ ಕಸಿ ಕೆಲವೊಮ್ಮೆ ತಿಂಗಳುಗಟ್ಟಲೆ ತಾನಾಗಿ ಹಲ್ಲಿನ ಮೇಲೆ ತೆವಳುತ್ತದೆ. ಆ ಜಾಗ ಸುತ್ತಲಿನ ವಸಡಿಗಿಂತ ಕೊಂಚ ಬಿಳುಪು, ಅಂಗುಳದ್ದೇ ಬಣ್ಣ. ಕೆಳತುಟಿ ಅದನ್ನು ಮುಚ್ಚುತ್ತದೆ. ಈಗ ಆ ಹಲ್ಲನ್ನು ಅವರು ನೋವಿಲ್ಲದೆ ಉಜ್ಜುತ್ತಾರೆ.